ರೊಕ್ಕಕ್ಕೂ ಒಂದು ಹಗೇವು ಬೇಕು

ಎರಡು ವರ್ಷದ ಹಿಂದೆ, ಬಿ.ಕಾಂ. ಮೂರನೇ ಸೆಮಿಸ್ಟರ್ ಮುಗಿಸಿದ ಹುರುಪಿನಲ್ಲಿ ನಾನು ನಮ್ಮ ಮನೆಯ ಅಡುಗೆಕೋಣೆಯ ಗೋಡೆಗೆ ಒಂದು ಹಾಳೆ ಅಂಟಿಸಿದೆ. ಅದರ ಮೇಲೆ ದೊಡ್ಡದಾಗಿ ಬರೆದಿದ್ದೆ: ಅಗತ್ಯಕ್ಕೆ 50, ಆಸೆಗೆ 30, ಉಳಿತಾಯಕ್ಕೆ 20. ಅಪ್ಪ ದ್ರಾಕ್ಷಿ ತೋಟದ ಕೆಲಸ ಮುಗಿಸಿ ಬಂದವರು ಕೈ ತೊಳೆಯುತ್ತಾ ಅದನ್ನು ಓದಿ ಕೇಳಿದರು: 'ಇದನ್ನ ಬರದವರ ಮನ್ಯಾಗ ತಿಂಗಳಾ ತಿಂಗಳಾ ಪಗಾರ ಬರ್ತೈತೇನವ್ವಾ?'

ಆಗ ನಕ್ಕು ಸುಮ್ಮನಾದೆ. ಆ ಪ್ರಶ್ನೆಗೆ ಉತ್ತರ ಸಿಗಲು ಒಂದು ವರ್ಷ ಮತ್ತು ಒಂದು ಕೈಸಾಲ ಬೇಕಾಯಿತು.

ನಮ್ಮದು ತಿಕೋಟಾ ತಾಲ್ಲೂಕಿನ ಒಂದು ಹಳ್ಳಿ. ಸ್ವಂತ ತೋಟವಿಲ್ಲ. ಅಪ್ಪ ಚಾಟ್ನಿ ಮಾಡುವ ಗುಂಪಿನ ಜೊತೆ ತಿಕೋಟಾ, ಬಬಲೇಶ್ವರ ಕಡೆಯ ತೋಟಗಳಿಗೆ ಹೋಗುತ್ತಾರೆ. ಅವ್ವ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ವಿಜಯಪುರದ ಒಂದು ಖಾನಾವಳಿಗೆ ಕಳಿಸುತ್ತಾಳೆ. ಅಜ್ಜಿಯ ಬಿ.ಪಿ. ಮಾತ್ರೆ, ತಮ್ಮನ ಪಿಯುಸಿ, ನನ್ನ ಪದವಿ ಎಲ್ಲವೂ ಇದೇ ದುಡಿಮೆಯ ಮೇಲೆ. ನಮ್ಮ ಭಾಗದ ಕಾಲೇಜುಗಳಲ್ಲಿ ಓದುವ ಅನೇಕರ ಮನೆಯ ಕಥೆ ಹೀಗೇ ಇರುವುದರಿಂದ ನಮ್ಮ ಮನೆಯ ಲೆಕ್ಕವನ್ನೇ ಮುಂದಿಡುತ್ತೇನೆ.

ದ್ರಾಕ್ಷಿಯ ಕೆಲಸಕ್ಕೆ ಅದರದೇ ಪಂಚಾಂಗವಿದೆ. ಬಳ್ಳಿಗೆ ವರ್ಷಕ್ಕೆ ಎರಡು ಚಾಟ್ನಿ, ಒಂದು ಏಪ್ರಿಲ್‌ನಲ್ಲಿ, ಇನ್ನೊಂದು ಅಕ್ಟೋಬರ್‌ನಲ್ಲಿ. ಆಗ ಆಳು ಸಿಗುವುದೇ ಕಷ್ಟ, ಕೂಲಿ ಚೆನ್ನಾಗಿರುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹಣ್ಣು ಕೀಳುವುದು, ದ್ರಾವಣದಲ್ಲಿ ಅದ್ದುವುದು, ಶೆಡ್ಡಿನ ಬಲೆಗಳ ಮೇಲೆ ಹರಡಿ ಒಣಗಿಸುವುದು, ಒಣದ್ರಾಕ್ಷಿ ಆರಿಸುವುದು ನಡೆಯುತ್ತದೆ. ಜುಲೈ ಬಂತೆಂದರೆ ತೋಟದಲ್ಲಿ ಕೆಲಸ ತೀರಾ ಕಡಿಮೆ. ಅಪ್ಪನ ಮಾತಿನಲ್ಲಿ ಹೇಳುವುದಾದರೆ, 'ಆಗಸ್ಟದಾಗ ಕೆಲಸ ಇರಂಗಿಲ್ಲ, ಹೊಟ್ಟಿ ಮಾತ್ರ ಇರ್ತೈತಿ.'

ಅಪ್ಪನ ಕೂಲಿ, ರೊಟ್ಟಿಯಲ್ಲಿ ಖರ್ಚು ಕಳೆದು ಉಳಿಯುವುದು, ಗೃಹಲಕ್ಷ್ಮಿಯ 2,000 ಸೇರಿ ನಮ್ಮ ಮನೆಗೆ ಬಂದ ಹಣ ಹೀಗಿದೆ. ಲೆಕ್ಕ ಸುಲಭವಾಗಲೆಂದು ಸಾವಿರಕ್ಕೆ ಸರಿಹೊಂದಿಸಿದ್ದೇನೆ. ನಾನು ಹೇಳುವ ಎರಡೂ ವರ್ಷ ಹೆಚ್ಚುಕಡಿಮೆ ಇದೇ ಏರಿಳಿತ ಇದ್ದದ್ದರಿಂದ ಒಂದೇ ಪಟ್ಟಿ ಸಾಕು. ಏಪ್ರಿಲ್ 31,000, ಮೇ 22,000, ಜೂನ್ 15,000, ಜುಲೈ 11,000, ಆಗಸ್ಟ್ 10,000, ಸೆಪ್ಟೆಂಬರ್ 13,000, ಅಕ್ಟೋಬರ್ 30,000, ನವೆಂಬರ್ 24,000, ಡಿಸೆಂಬರ್ 18,000, ಜನವರಿ 14,000, ಫೆಬ್ರುವರಿ 22,000, ಮಾರ್ಚ್ 30,000. ಒಟ್ಟು 2,40,000. ಸರಾಸರಿ ತೆಗೆದರೆ ತಿಂಗಳಿಗೆ 20,000. ಆದರೆ ಆ ಇಪ್ಪತ್ತು ಸಾವಿರ ಯಾವ ತಿಂಗಳೂ ನಮ್ಮ ಮನೆಗೆ ಬಂದಿಲ್ಲ. ಅದು ಹಾಳೆಯ ಮೇಲೆ ಮಾತ್ರ ಇರುವ ಅಂಕಿ.

ಖರ್ಚಿನಲ್ಲಿ ಎರಡು ಜಾತಿ. ಮೊದಲನೆಯದು ಪ್ರತಿ ತಿಂಗಳದ್ದು: ಕಿರಾಣಿ 5,000, ಹಾಲು-ತರಕಾರಿ 1,800, ಗ್ಯಾಸ್ 900, ಕರೆಂಟ್-ಮೊಬೈಲ್ 600, ತಮ್ಮನ ಓಡಾಟ 500, ಅಜ್ಜಿಯ ಔಷಧ 700, ಅವ್ವನ ಸಂಘದ ಸಾಲದ ಕಂತು 2,000, ಚಿಲ್ಲರೆ 500. ಒಟ್ಟು 12,000. ನಾನು ಕಾಲೇಜಿಗೆ ಹೋಗಿಬರುವುದು ಶಕ್ತಿ ಯೋಜನೆಯ ಬಸ್ಸಿನಲ್ಲಿ, ಹಾಗಾಗಿ ಅದು ಪಟ್ಟಿಯಲ್ಲಿಲ್ಲ.

ಎರಡನೆಯದು ವರ್ಷಕ್ಕೊಮ್ಮೆ ಬಂದು ಬಾಗಿಲು ಬಡಿಯುವಂಥದ್ದು. ಮೇ ಕೊನೆಗೆ ಅಪ್ಪ-ಅವ್ವನ ವಿಮೆ. ಜೀವನ ಜ್ಯೋತಿಗೆ ತಲಾ 436, ಸುರಕ್ಷಾ ಬಿಮೆಗೆ ತಲಾ 20, ಇಬ್ಬರದೂ ಸೇರಿ 912, ಲೆಕ್ಕಕ್ಕೆ ಸಾವಿರ ಎನ್ನೋಣ. ಜೂನ್‌ನಲ್ಲಿ ತಮ್ಮನ ಫೀ, ಪುಸ್ತಕ 6,000. ಜುಲೈಯಲ್ಲಿ ನನ್ನ ಫೀ 12,000. ದೀಪಾವಳಿಗೆ ಬಟ್ಟೆಬರೆ ಎಲ್ಲ ಸೇರಿ 9,000. ಫೆಬ್ರುವರಿಯಲ್ಲಿ ಮನೆಯ ಪತ್ರಾಸ್ ರಿಪೇರಿ 5,000. ಮಾರ್ಚ್‌ನಲ್ಲಿ ಹೊಸ ಜೋಳ ಬಂದಾಗ ಮನೆಗೆ ವರ್ಷಕ್ಕಾಗುವಷ್ಟು ಜೋಳ 12,000. ಕೂಡಿಸಿದರೆ 45,000.

ಈಗ ಗೋಡೆಯ ಹಾಳೆಗೆ ಬರೋಣ. 50-30-20 ಸೂತ್ರ ಜನಪ್ರಿಯವಾದದ್ದು ಅಮೆರಿಕದ ಎಲಿಜಬೆತ್ ವಾರೆನ್ ಮತ್ತು ಅವರ ಮಗಳು ಅಮೇಲಿಯಾ ವಾರೆನ್ ತ್ಯಾಗಿ 2005ರಲ್ಲಿ ಬರೆದ ಪುಸ್ತಕದಿಂದ. ವಾರೆನ್ ಆಗ ಹಾರ್ವರ್ಡ್‌ನಲ್ಲಿ ದಿವಾಳಿ ಕಾನೂನು ಕಲಿಸುತ್ತಿದ್ದ ಪ್ರಾಧ್ಯಾಪಕಿ. ತೆರಿಗೆ ಕಳೆದು ಕೈಗೆ ಬರುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಬಿಡಲಾಗದ ಖರ್ಚುಗಳಿಗೇ ಹೋದರೆ, ಕೆಲಸ ಹೋದಾಗಲೋ ಕಾಯಿಲೆ ಬಂದಾಗಲೋ ಮನೆ ಕುಸಿಯುತ್ತದೆ ಎಂಬುದು ಅದರ ಹಿಂದಿನ ವಿಚಾರ. ವಿಚಾರ ಸರಿಯಾದದ್ದೇ. ಆದರೆ ಅದು ಗಟ್ಟಿಯಾಗಿ ನಿಲ್ಲುವುದು ಮೇಲಿನ ಅಂಕಿ, ಅಂದರೆ ಆದಾಯ, ಪ್ರತಿ ತಿಂಗಳೂ ಸ್ಥಿರವಾಗಿದ್ದಾಗ. ಆದಾಯವೇ ಕುಣಿಯುತ್ತಿದ್ದರೆ ಶೇಕಡಾವಾರು ಪಾಲುಗಳೂ ಅದರ ಜೊತೆ ಕುಣಿಯುತ್ತವೆ. ಖರ್ಚು ಮಾತ್ರ ಕುಣಿಯುವುದಿಲ್ಲ. ಆಗಸ್ಟ್‌ನ 10,000ದಲ್ಲಿ ಅರ್ಧ ಅಂದರೆ 5,000. ಅಷ್ಟರಲ್ಲಿ ನಮ್ಮ ಕಿರಾಣಿ ಮಾತ್ರ ಮುಗಿಯುತ್ತದೆ.

ಇದು ಎಲ್ಲರಿಗೂ ಕಣ್ಣಿಗೆ ಕಾಣುವ ತೊಂದರೆ. ನಮ್ಮನ್ನು ನಿಜವಾಗಿ ಕೆಡವಿದ್ದು ಖಾಲಿ ತಿಂಗಳಲ್ಲ, ತುಂಬಿದ ತಿಂಗಳು. ಆ ವರ್ಷ ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳಲ್ಲಿ ನಮಗೆ ಬಂದದ್ದು 83,000. ಹಾಳೆಯ ಪ್ರಕಾರ ನೂರಕ್ಕೆ 30, ಅಂದರೆ 24,900 ರೂಪಾಯಿಯನ್ನು ಆಸೆಗೆ ಖರ್ಚು ಮಾಡಬಹುದು. ಮಾಡಿದೆವು. ತಮ್ಮನಿಗೆ ಫೋನು ಬಂತು, ಸೋದರತ್ತೆಯ ಮಗಳ ಮದುವೆಗೆ ಎಲ್ಲರಿಗೂ ಬಟ್ಟೆ ಬಂತು, ಮನೆಗೆ ಟಿ.ವಿ. ಬಂತು. ಒಂದು ರೂಪಾಯಿಯನ್ನೂ ನಿಯಮ ಮೀರಿ ಖರ್ಚು ಮಾಡಲಿಲ್ಲ, ನಾನೇ ಡೈರಿಯಲ್ಲಿ ಬರೆದಿಟ್ಟಿದ್ದೆ.

ಉಳಿದದ್ದನ್ನು ನೋಡಿ. ಅಗತ್ಯದ ಅರ್ಧ ಪಾಲು 41,500. ಅದರಲ್ಲಿ ಮೂರು ತಿಂಗಳ ಖರ್ಚು 36,000 ಕಳೆದರೆ 5,500. ಉಳಿತಾಯದ ಪಾಲು 16,600. ಎರಡೂ ಸೇರಿ 22,100. ಜೋಳಕ್ಕೆ 12,000, ವಿಮೆಗೆ 1,000 ಹೋಗಿ 9,100 ಉಳಿಯಿತು. ಜೂನ್‌ನಲ್ಲಿ ಬಂದದ್ದು 15,000, ಹೋದದ್ದು ತಮ್ಮನ ಫೀ ಸೇರಿ 18,000. ಉಳಿದದ್ದು 6,100. ಜುಲೈಯಲ್ಲಿ ಬಂದದ್ದು 11,000, ಹೋಗಬೇಕಾದದ್ದು ನನ್ನ ಫೀ ಸೇರಿ 24,000. ಇದ್ದದ್ದೆಲ್ಲ ಬಳಿದು ಹಾಕಿದರೂ 6,900 ಕಡಿಮೆ. ಆಗಸ್ಟ್‌ನಲ್ಲಿ ಇನ್ನೂ 2,000 ಕಡಿಮೆ ಬೀಳುವುದು ಅಪ್ಪನಿಗೆ ಗೊತ್ತಿತ್ತು. ಜುಲೈ ಮೊದಲ ವಾರವೇ 9,000 ಕೈಸಾಲ ತಂದರು, ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ. ಅಕ್ಟೋಬರ್ ಚಾಟ್ನಿಯ ಕೂಲಿ ಬಂದ ಮೇಲೆ ತೀರಿಸಿದಾಗ ನಾಲ್ಕು ತಿಂಗಳ ಬಡ್ಡಿಯೇ 1,080. ಕೆಲವೇ ತಿಂಗಳ ಹಿಂದೆ 24,900 ಆಸೆಗೆ ಖರ್ಚು ಮಾಡಿದ ಮನೆ, ಮಗಳ ಫೀಗೆಂದು ಬಡ್ಡಿ ಸಾಲ ತಂದಿತ್ತು. ನಿಯಮವನ್ನು ನಾವು ಮುರಿದಿರಲಿಲ್ಲ, ಪಾಲಿಸಿದ್ದೆವು. ಏಪ್ರಿಲ್‌ನ ರೊಕ್ಕ ಏಪ್ರಿಲ್‌ನದ್ದು ಎಂದು ಹಾಳೆ ಹೇಳಿತು. ನಿಜದಲ್ಲಿ ಅದು ಜುಲೈಯದ್ದಾಗಿತ್ತು.

ಹಾಳೆ ಹರಿದು ಹಾಕಿದೆ. ನವೆಂಬರ್‌ನಲ್ಲಿ ಶೂನ್ಯಾಧಾರಿತ ಬಜೆಟ್ ಬಗ್ಗೆ ಓದಿದೆ. ವಾಣಿಜ್ಯ ವಿದ್ಯಾರ್ಥಿಗಳಿಗೆ ಈ ಹೆಸರು ಗೊತ್ತಿರುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಪೀಟರ್ ಪೈರ್ ಇದರ ಬಗ್ಗೆ 1970ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದರು. ಅದನ್ನು ಓದಿದ ಜಾರ್ಜಿಯಾ ರಾಜ್ಯದ ಗವರ್ನರ್ ಜಿಮ್ಮಿ ಕಾರ್ಟರ್ ತಮ್ಮ ಸರ್ಕಾರದಲ್ಲಿ ಅಳವಡಿಸಿದರು, ಮುಂದೆ ಅಧ್ಯಕ್ಷರಾದಾಗ ಕೇಂದ್ರಕ್ಕೂ ಒಯ್ದರು. ಹೋದ ವರ್ಷ ಇಷ್ಟು ಖರ್ಚಾಗಿತ್ತು ಎಂಬ ಆಧಾರ ಬಿಟ್ಟು, ಪ್ರತಿ ಖರ್ಚೂ ಸೊನ್ನೆಯಿಂದ ತನ್ನ ಕಾರಣ ಹೇಳಬೇಕು ಎಂಬುದು ಅದರ ತಿರುಳು. ಮನೆಯ ಮಟ್ಟಕ್ಕೆ ಇಳಿದಾಗ ಅದರ ಅರ್ಥ ಸರಳವಾಗುತ್ತದೆ: ಬಂದ ಪ್ರತಿ ರೂಪಾಯಿಗೂ ಒಂದು ಕೆಲಸ ಹೇಳು, ಕೆಲಸವಿಲ್ಲದ ರೂಪಾಯಿ ಒಂದೂ ಉಳಿಯಬಾರದು. ಆದಾಯದಿಂದ ಹಂಚಿಕೆ ಕಳೆದರೆ ಸೊನ್ನೆ ಬರಬೇಕು. ಸೊನ್ನೆ ಎಂದರೆ ಎಲ್ಲವನ್ನೂ ಖರ್ಚು ಮಾಡುವುದು ಅಂತಲ್ಲ. 'ಜುಲೈ ಫೀಗೆ ಇಟ್ಟದ್ದು' ಎಂಬುದೂ ಒಂದು ಕೆಲಸವೇ.

ಡಿಸೆಂಬರ್ 1ಕ್ಕೆ ಕುಳಿತು ನಾನು ಮಾಡಿದ್ದು ಮತ್ತೊಂದು ತಪ್ಪು. ಸರಾಸರಿ 20,000 ಬರುತ್ತದೆಂದು ಹಿಡಿದು, ಇಪ್ಪತ್ತೂ ಸಾವಿರಕ್ಕೆ ಅಚ್ಚುಕಟ್ಟಾಗಿ ಕೆಲಸ ಹಂಚಿದೆ. ಬಂದದ್ದು 18,000. ಜನವರಿಯಲ್ಲೂ ಹಾಗೇ ಹಂಚಿದೆ, ಬಂದದ್ದು 14,000. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಮುಗಿಯುವಷ್ಟರಲ್ಲಿ ಆರು ಸಾವಿರ ರೂಪಾಯಿಯ ಸಾಲುಗಳು ಹಾಳೆಯ ಮೇಲೆ ಮಾತ್ರ ಇದ್ದವು, ಡಬ್ಬಿಯಲ್ಲಿ ಇರಲಿಲ್ಲ. ಅದೂ ಸಾಲದೆಂಬಂತೆ ನಾನು ಇಪ್ಪತ್ತಾರು ಸಾಲು ಮಾಡಿದ್ದೆ. ಸೋಪಿಗೊಂದು, ಚಹಾಪುಡಿಗೊಂದು. ಹತ್ತು ದಿನ ಬರೆದ ಅವ್ವ ಹನ್ನೊಂದನೇ ದಿನ ಪೆನ್ನು ಕೆಳಗಿಟ್ಟಳು. 'ರೊಟ್ಟಿ ಬಡೀಲೋ, ಇದನ್ನ ಬರೀಲೋ?'

ಆ ಪ್ರಶ್ನೆಯೂ ನ್ಯಾಯವಾದದ್ದೇ. ಶೂನ್ಯಾಧಾರಿತ ಬಜೆಟ್ ಏರಿಳಿಯುವ ಆದಾಯಕ್ಕೆ ತಾನಾಗಿಯೇ ಒಗ್ಗುವ ಪದ್ಧತಿಯಲ್ಲ. ಬರಬಹುದಾದ ಹಣವನ್ನು ಹಂಚಿದರೆ ಅದು ಪಗಾರವಿಲ್ಲದವರಿಗೆ 50-30-20ರಷ್ಟೇ ಸುಳ್ಳು. ಅದು ಒಗ್ಗಬೇಕಾದರೆ ಒಂದು ಷರತ್ತಿದೆ: ಕೈಗೆ ಬಂದ ಹಣವನ್ನು ಮಾತ್ರ ಹಂಚಬೇಕು.

ಷರತ್ತನ್ನು ಪಾಲಿಸುವ ದಾರಿ ತೋರಿಸಿದ್ದು ಅಜ್ಜಿ. ನಮ್ಮ ಕಡೆ ಹಿಂದೆ ಜೋಳವನ್ನು ಹಗೇವಿನಲ್ಲಿ ತುಂಬುತ್ತಿದ್ದರು. ನೆಲದೊಳಗಿನ ಕಣಜ. ಸುಗ್ಗಿಯಲ್ಲಿ ತುಂಬಿ ಬಾಯಿ ಮುಚ್ಚಿದರೆ ಬೇಕಾದಾಗ ತೆಗೆಯುವುದು. 'ಸುಗ್ಗಿ ಐತಿ ಅಂತ ಯಾರೂ ದಿನಾ ಎಂಟು ರೊಟ್ಟಿ ತಿಂತಿದ್ದಿಲ್ಲ' ಎಂದಳು ಅಜ್ಜಿ. ಹಣಕ್ಕೂ ಅದನ್ನೇ ಮಾಡಿದೆವು.

ಅಪ್ಪನ ಹಳೆಯ ಜನಧನ ಖಾತೆಯೇ ಹಗೇವು. ಬಂದ ಹಣವೆಲ್ಲ, ಯಾವ ತಿಂಗಳೇ ಇರಲಿ, ಮೊದಲು ಅಲ್ಲಿಗೆ ಹೋಗುತ್ತದೆ. ಪ್ರತಿ ತಿಂಗಳು 1ಕ್ಕೆ ಅಲ್ಲಿಂದ ಮನೆಗೆ ಒಂದೇ ಮೊತ್ತದ 'ಪಗಾರ' ಹೊರಬರುತ್ತದೆ. ಎಷ್ಟು? ತಿಂಗಳ ಖರ್ಚು 12,000. ವರ್ಷದ ಖರ್ಚು 45,000ವನ್ನು ಹನ್ನೆರಡರಿಂದ ಭಾಗಿಸಿದರೆ 3,750. ಒಟ್ಟು 15,750. ಈ 15,750ಕ್ಕೆ ಮಾತ್ರ ನಾವು ಶೂನ್ಯಾಧಾರಿತ ಬಜೆಟ್ ಮಾಡುತ್ತೇವೆ. ಮೇಲೆ ಹೇಳಿದ ಎಂಟು ಸಾಲು, ಜೊತೆಗೆ 'ವರ್ಷದ ಡಬ್ಬಿ' ಎಂಬ ಒಂಬತ್ತನೆಯದು. ಅಷ್ಟೇ. ಆ ತಿಂಗಳು ಎಷ್ಟು ಬರುತ್ತದೆಂದು ಯಾರೂ ಊಹಿಸಬೇಕಿಲ್ಲ, ಏಕೆಂದರೆ ಹಂಚುತ್ತಿರುವುದು ಆಗಲೇ ಬಂದಿರುವ ಹಣ. ಗೃಹಲಕ್ಷ್ಮಿ ಹಣವನ್ನೂ ಖಾತೆಗೆ ಬಂದ ದಿನವೇ ಲೆಕ್ಕಕ್ಕೆ ಹಿಡಿಯುತ್ತೇವೆ, ಮುಂಚೆ ಅಲ್ಲ.

ಪಗಾರದ ಮೊತ್ತವನ್ನು ಸರಾಸರಿಗೆ ಇಡದೆ ಖರ್ಚಿಗೆ ಇಟ್ಟದ್ದನ್ನು ಗಮನಿಸಿ. ಸರಾಸರಿ 20,000 ಎಂದು ಅಷ್ಟನ್ನೂ ತೆಗೆಯುತ್ತಿದ್ದರೆ ವರ್ಷದ ಕೊನೆಗೆ ಹಗೇವು ಖಾಲಿ. ಒಂದು ಮಳೆ ತಪ್ಪಿ ಬಿದ್ದರೂ ಮತ್ತೆ ಸಾಲ.

ಹೋದ ವರ್ಷ ಏಪ್ರಿಲ್‌ನಲ್ಲಿ ಶುರುಮಾಡಿದೆವು. ಏಪ್ರಿಲ್‌ನಲ್ಲಿ 31,000 ಬಂದು 15,750 ಹೋಗಿ ಹಗೇವಿನಲ್ಲಿ 15,250 ಉಳಿಯಿತು. ಮೇ ಕೊನೆಗೆ 21,500. ಜೂನ್ ಕೊನೆಗೆ 20,750, ಜುಲೈಗೆ 16,000, ಆಗಸ್ಟ್‌ಗೆ 10,250, ಸೆಪ್ಟೆಂಬರ್‌ಗೆ 7,500. ಇಳಿಯುತ್ತಾ ಬಂತು, ಆದರೆ ತಳ ಕಾಣಲಿಲ್ಲ. ಅಕ್ಟೋಬರ್‌ನಲ್ಲಿ ಮತ್ತೆ ಏರಿತು.

ಮೊದಲ ವರ್ಷದಲ್ಲಿ ಒಂದು ತೊಡಕು ಬಂತು, ಅದನ್ನು ಮುಚ್ಚಿಡುವುದಿಲ್ಲ. ವರ್ಷದ ಡಬ್ಬಿಗೆ ತಿಂಗಳಿಗೆ 3,750ರಂತೆ ಜುಲೈವರೆಗೆ ಬಿದ್ದದ್ದು 15,000. ಆದರೆ ಅಷ್ಟರಲ್ಲಿ ವಿಮೆ, ತಮ್ಮನ ಫೀ, ನನ್ನ ಫೀ ಸೇರಿ 19,000 ಬೇಕಾಯಿತು. ಡಬ್ಬಿ ತುಂಬುವ ಮೊದಲೇ ದೊಡ್ಡ ಖರ್ಚು ಬಂದುಬಿಟ್ಟಿತು. 4,000 ರೂಪಾಯಿಯನ್ನು ಹಗೇವಿನಿಂದ ಎರವಲು ತೆಗೆದು, ಆಗಸ್ಟ್ ಮತ್ತು ಸೆಪ್ಟೆಂಬರ್‌ನ ಡಬ್ಬಿಯ ಪಾಲಿನಿಂದ ವಾಪಸು ಹಾಕಿದೆವು. ಸಾಲ ಕೊಟ್ಟವರೂ ನಾವೇ, ತೀರಿಸಿದವರೂ ನಾವೇ. ಬಡ್ಡಿ ಸೊನ್ನೆ. ಅದನ್ನು ಬರೆದಿಡದಿದ್ದರೆ ಮಾತ್ರ ಹಗೇವು ಸೋರುತ್ತಿರುವುದು ಗೊತ್ತಾಗುವುದಿಲ್ಲ.

ಈ ಪದ್ಧತಿಯಲ್ಲಿ ನಿಮ್ಮ ಮನೆಯ ಮಟ್ಟಿಗೆ ಕಂಡುಹಿಡಿಯಬೇಕಾದ ಮುಖ್ಯ ಅಂಕಿ ಒಂದೇ. ಪಗಾರಕ್ಕಿಂತ ಕಡಿಮೆ ಆದಾಯ ಬರುವ ತಿಂಗಳುಗಳು ಸಾಲಾಗಿ ಎಷ್ಟು ಇವೆ, ಆ ಸಾಲಿನಲ್ಲಿ ಒಟ್ಟು ಎಷ್ಟು ಕಡಿಮೆ ಬೀಳುತ್ತದೆ? ನಮಗೆ ಜೂನ್‌ನಲ್ಲಿ 750, ಜುಲೈಯಲ್ಲಿ 4,750, ಆಗಸ್ಟ್‌ನಲ್ಲಿ 5,750, ಸೆಪ್ಟೆಂಬರ್‌ನಲ್ಲಿ 2,750. ಒಟ್ಟು 14,000. ಅಂದರೆ ಮೇ 31ರ ರಾತ್ರಿ ಹಗೇವಿನಲ್ಲಿ 14,000 ಇರಲೇಬೇಕು. ಇಲ್ಲದಿದ್ದರೆ ಜುಲೈಯಲ್ಲಿ ಯಾರ ಬಾಗಿಲಿಗೋ ಹೋಗಬೇಕಾಗುತ್ತದೆಂದು ಎರಡು ತಿಂಗಳ ಮೊದಲೇ ಗೊತ್ತಾಗುತ್ತದೆ. ಆಗ ಟಿ.ವಿ. ಮುಂದಕ್ಕೆ ಹಾಕಲು ಇನ್ನೂ ಸಮಯವಿರುತ್ತದೆ. ಇದೇ ಕಾರಣಕ್ಕೆ ಶುರುಮಾಡುವ ತಿಂಗಳೂ ಮುಖ್ಯ. ಇದೇ ಲೆಕ್ಕವನ್ನು ನಾವು ಜೂನ್‌ನಲ್ಲಿ ಖಾಲಿ ಕೈಯಲ್ಲಿ ಶುರುಮಾಡಿದ್ದರೆ ಮೊದಲ ತಿಂಗಳೇ ಮುಗ್ಗರಿಸುತ್ತಿದ್ದೆವು. ನಮ್ಮ ಭಾಗದ ತೋಟದ ಕೂಲಿಯ ಮನೆಗಳಿಗೆ ಮಾರ್ಚ್, ಏಪ್ರಿಲ್ ಅಥವಾ ಅಕ್ಟೋಬರ್ ಸರಿಯಾದ ಕಾಲ.

ಈಗಲೇ ಹಗೇವು ಖಾಲಿ ಇದ್ದವರು ಏನು ಮಾಡಬೇಕು? ಸಾಲುಗಳನ್ನು ಮಹತ್ವದ ಕ್ರಮದಲ್ಲಿ ಬರೆಯಬೇಕು: ಕಿರಾಣಿ, ಔಷಧ, ಸಾಲದ ಕಂತು, ಗ್ಯಾಸ್, ಹೀಗೆ. ವಾರದ ಬಟವಾಡೆ ಬಂದಾಗಲೆಲ್ಲ ಮೇಲಿನಿಂದ ಕೆಳಕ್ಕೆ ತುಂಬುತ್ತಾ ಹೋಗಬೇಕು. ಎಲ್ಲಿ ಹಣ ಮುಗಿಯಿತೋ ಅಲ್ಲಿಗೆ ನಿಲ್ಲಬೇಕು, ಕೆಳಗಿನ ಸಾಲು ಮುಂದಿನ ವಾರದವರೆಗೆ ಕಾಯಬೇಕು. ದೊಡ್ಡ ತಿಂಗಳು ಬರುವವರೆಗೆ ಇದು ಊರುಗೋಲು.

ಒಂದು ಎಚ್ಚರಿಕೆ. ಸ್ವಂತ ತೋಟವಿದ್ದವರ, ಅಂಗಡಿ ಇದ್ದವರ ಮಕ್ಕಳು ಈ ಲೆಕ್ಕ ಹಾಕುವ ಮೊದಲು ಆದಾಯ ಎಂದರೆ ಯಾವುದೆಂದು ನೋಡಿಕೊಳ್ಳಬೇಕು. ಬಬಲೇಶ್ವರದ ಹತ್ತಿರ ನಮ್ಮ ಸೋದರಮಾವನಿಗೆ ಎರಡು ಎಕರೆ ದ್ರಾಕ್ಷಿ ಇದೆ. ನಾಲ್ಕು ಕಿಲೋ ಹಸಿ ಹಣ್ಣಿಗೆ ಸುಮಾರು ಒಂದು ಕಿಲೋ ಒಣದ್ರಾಕ್ಷಿ. ಒಂದು ವರ್ಷ ನಾಲ್ಕು ಟನ್ ಒಣದ್ರಾಕ್ಷಿ ಕಿಲೋಗೆ 150ರಂತೆ ಮಾರಿ 6 ಲಕ್ಷ ಬಂತು. ಮಾವನ ಮಗ ಅದನ್ನೇ ಆದಾಯವೆಂದು ಹಿಡಿದು ನೂರಕ್ಕೆ 30ರಂತೆ 1,80,000 ಬೈಕಿಗೆ, ಮನೆಯ ಸಾಮಾನಿಗೆ ಎಂದು ಲೆಕ್ಕ ಹಾಕಿದ. ಗೊಬ್ಬರ-ಔಷಧಿ ಅಂಗಡಿಯ ಉದ್ರಿ, ಎರಡೂ ಚಾಟ್ನಿಯ ಕೂಲಿ, ಶೆಡ್ಡಿನ ಖರ್ಚು ಸೇರಿ ಮೂರೂವರೆ ಲಕ್ಷ ಆ ಹಣದಲ್ಲೇ ಇದೆ ಎಂಬುದು ಅವನ ಲೆಕ್ಕದಲ್ಲಿ ಇರಲಿಲ್ಲ. ಮನೆಯ ಆದಾಯ ಆರು ಲಕ್ಷವಲ್ಲ, ಎರಡೂವರೆ ಲಕ್ಷ. ಅವ್ವನ ರೊಟ್ಟಿಗೂ ಇದೇ ಮಾತು. ಖಾನಾವಳಿಯವರು ಕೊಡುವ ದುಡ್ಡಿನಲ್ಲಿ ಮುಂದಿನ ವಾರದ ಜೋಳ, ಗಿರಣಿ ಖರ್ಚು, ಕಟ್ಟಿಗೆಯ ಹಣ ಬೇರೆ ಡಬ್ಬಿಗೆ ಹೋದ ಮೇಲೆ ಉಳಿದದ್ದಷ್ಟೇ ಮನೆಯ ಹಗೇವಿಗೆ. ದುಡಿಮೆಯ ಬಂಡವಾಳವನ್ನೂ ಊಟದ ದುಡ್ಡನ್ನೂ ಬೆರೆಸಿದರೆ ಯಾವ ಬಜೆಟ್ಟೂ ಉಳಿಸುವುದಿಲ್ಲ.

ಹಾಗಾದರೆ 50-30-20 ಕೆಲಸಕ್ಕೆ ಬಾರದ್ದೇ? ನಾನು ಹಾಗೆ ಹೇಳುವುದಿಲ್ಲ. ನನ್ನ ಗೆಳತಿಗೆ ವಿಜಯಪುರದಲ್ಲಿ 22,000 ಪಗಾರದ ಕೆಲಸ ಸಿಕ್ಕಿದೆ. ಪ್ರತಿ ತಿಂಗಳು ಅದೇ ಮೊತ್ತ, ಹೆಚ್ಚುಕಡಿಮೆ ಅದೇ ದಿನ. ಇರುವುದು ತವರುಮನೆಯಲ್ಲಿ. ಅವಳಿಗೆ ಒಂಬತ್ತು ಸಾಲಿನ ಪುಸ್ತಕ ಯಾಕೆ ಬೇಕು? ಪಗಾರ ಬಂದ ದಿನ 4,400 ತೆಗೆದಿಟ್ಟು ಉಳಿದದ್ದರಲ್ಲಿ ನಿಶ್ಚಿಂತೆಯಿಂದ ಬದುಕಬಹುದು. ಆ ಸೂತ್ರದ ದೊಡ್ಡ ಗುಣ ಅದರ ಸರಳತೆ, ಸ್ಥಿರ ಪಗಾರದವರು ಅದನ್ನು ಬಿಡಬಾರದು. ಮೊದಲ ಕೆಲಸಕ್ಕೆ ಸೇರುವ ಓದುಗರು ಇದನ್ನೇ ಆರಿಸಿಕೊಂಡರೆ ನನ್ನ ತಕರಾರಿಲ್ಲ. ಆದರೆ ಆ ಪಗಾರದ ಒಂದು ಪಾಲು ಊರಿನ ಮನೆಗೆ ಹೋಗುತ್ತಿದ್ದರೆ, ಊರಿನ ಮನೆಯ ಲೆಕ್ಕಕ್ಕೆ ಅದೇ ಸೂತ್ರ ಹೇರಬೇಡಿ.

ನಮ್ಮಂಥ ಮನೆಗೂ ಅದರಿಂದ ಒಂದು ಉಪಯೋಗವಿದೆ, ವರ್ಷಕ್ಕೊಮ್ಮೆ ನೋಡುವ ಕನ್ನಡಿಯಾಗಿ. ಮಾರ್ಚ್ ಕೊನೆಗೆ ಇಡೀ ವರ್ಷವನ್ನು ಅದರ ಮುಂದೆ ನಿಲ್ಲಿಸಿದೆ. 2,40,000ದಲ್ಲಿ ದೀಪಾವಳಿ ಮತ್ತು ಚಿಲ್ಲರೆ ಬಿಟ್ಟು ಉಳಿದ ಅಗತ್ಯದ ಖರ್ಚು 1,74,000. ನೂರಕ್ಕೆ 72.5. ವಾರೆನ್ ಹೇಳುವ 50ರಿಂದ ನಾವು ಬಹಳ ದೂರ ಇದ್ದೇವೆ. ಅದು ನಮ್ಮ ದುಂದುವೆಚ್ಚವಲ್ಲ, ದುಡಿಮೆ ಕಡಿಮೆ ಇರುವ ಮನೆಯ ವಾಸ್ತವ. ಬಡವರ ಮನೆಯಲ್ಲಿ ಅನ್ನ-ಔಷಧದ ಪಾಲು ದೊಡ್ಡದೇ ಇರುತ್ತದೆ. ಅದನ್ನು 50ಕ್ಕೆ ಇಳಿಸು ಎಂದರೆ ಅಜ್ಜಿಯ ಮಾತ್ರೆ ನಿಲ್ಲಿಸು ಎಂದಂತೆ. ಆದರೆ ಕನ್ನಡಿ ಒಂದು ನಿಜ ಹೇಳಿತು: ಖರ್ಚು ಕತ್ತರಿಸಿ ನಾವು ಮುಂದೆ ಹೋಗಲಾರೆವು, ಇನ್ನೊಬ್ಬರ ಸ್ಥಿರ ದುಡಿಮೆ ಸೇರಿದಾಗ ಮಾತ್ರ ಆ ಪಾಲು ಇಳಿಯುತ್ತದೆ. ಆ ಇನ್ನೊಬ್ಬಳು ನಾನೇ ಆಗಬೇಕು.

ಮಾರ್ಚ್ 31ಕ್ಕೆ ವರ್ಷದ ಡಬ್ಬಿ ಜೋಳ ತಂದು ಸರಿಯಾಗಿ ಸೊನ್ನೆಗೆ ಬಂತು. ಹಗೇವಿನಲ್ಲಿ 51,000 ಇತ್ತು. ನಮ್ಮ ಮನೆಯಲ್ಲಿ ಅಷ್ಟು ಹಣ ಒಟ್ಟಿಗೆ ಇದ್ದದ್ದು ನನಗೆ ನೆನಪಿಲ್ಲ. ಎಲ್ಲರೂ ಕುಳಿತು ಅದಕ್ಕೂ ಕೆಲಸ ಹೇಳಿದೆವು. 30,000 ಹಗೇವಿನಲ್ಲೇ ಇರಬೇಕು: ಮಳೆಗಾಲದ ಕೊರತೆಗೆ 14,000, ಕಾಯಿಲೆ-ಕಸಾಲೆಗೆ ಒಂದು ತಿಂಗಳ ಪಗಾರ. ಏಪ್ರಿಲ್ ಹೇಗಿದ್ದರೂ ಚೆನ್ನಾಗಿರುತ್ತದಲ್ಲ, ಮತ್ತೆ ಯಾಕೆ ಇಷ್ಟು ಎಂದ ತಮ್ಮ. ಒಣದ್ರಾಕ್ಷಿ ಶೆಡ್ಡಿನಲ್ಲಿರುವಾಗ ಅಕಾಲಿಕ ಮಳೆ ಬಿದ್ದರೆ ಮಾಲು ಕಪ್ಪಾಗುತ್ತದೆ, ಕೆಲಸ ನಿಲ್ಲುತ್ತದೆ, ಏಪ್ರಿಲ್‌ನ 31,000 ಹದಿನೈದಕ್ಕೆ ಇಳಿಯಬಹುದು ಎಂದು ಅಪ್ಪ ಹೇಳಿದರು. ಹಾಗಾದರೆ ಸೊನ್ನೆಯಿಂದ ಶುರುಮಾಡಿದ ಹಗೇವು ಆಗಸ್ಟ್‌ನಲ್ಲೇ ಬರಿದು. ಉಳಿದ 21,000ದಲ್ಲಿ ಸಂಘದ ಸಾಲಕ್ಕೆ 5,000, ನನ್ನ ಪರೀಕ್ಷಾ ತಯಾರಿಗೆ 10,000, ಆಸೆಗೆ 6,000.

ಆ ಆರು ಸಾವಿರದಲ್ಲಿ ಏನು ತರಬೇಕೆಂದು ಅವ್ವನನ್ನು ಕೇಳಿದೆವು. ಅವಳು ಒಂದು ಕ್ಷಣ ಯೋಚಿಸಿ, 'ಜುಲೈ ದಾಟಿದ ಮ್ಯಾಲೆ ಹೇಳ್ತೀನಿ' ಎಂದಳು. ನಾನು ಪುಸ್ತಕದಲ್ಲಿ ಹತ್ತನೆಯ ಸಾಲು ಎಳೆದು 'ಅವ್ವನ ಆಸೆ, 6,000' ಎಂದು ಬರೆದಿಟ್ಟೆ.